ಇಂಟರ್ನ್‌ಶಿಪ್ ಪೋರ್ಟ್‌ಫೋಲಿಯೊ: ಕಲಿಸಲು ಬರುತ್ತದೆ ಎಂಬುದಕ್ಕೆ ಪುರಾವೆ ಜೋಡಿಸುವ ಬಗೆ

ಬಿ.ಇಡಿ. ಓದುವ ಪ್ರಶಿಕ್ಷಣಾರ್ಥಿಗಳ ಇಂಟರ್ನ್‌ಶಿಪ್ ಕಡತಗಳು ಸಾಮಾನ್ಯವಾಗಿ ದಪ್ಪವಾಗಿಯೇ ಇರುತ್ತವೆ. ಪಾಠಯೋಜನೆಗಳು, ಘಟಕ ಪರೀಕ್ಷೆಯ ನೀಲನಕ್ಷೆ, ರಾಷ್ಟ್ರೀಯ ಹಬ್ಬದ ಫೋಟೊಗಳು, ಮುಖ್ಯ ಶಿಕ್ಷಕರ ಪ್ರಮಾಣಪತ್ರ, ಬಣ್ಣದ ಹೊದಿಕೆ, ಎಲ್ಲವೂ ಇರುತ್ತದೆ. ಆದರೆ ಪರೀಕ್ಷಕರು ಅದನ್ನು ಕೈಗೆತ್ತಿಕೊಂಡು "ಈ ಪಾಠದಿಂದ ಮಕ್ಕಳು ಏನು ಕಲಿತರು, ಅದು ನಿಮಗೆ ಹೇಗೆ ಗೊತ್ತಾಯಿತು?" ಎಂದು ಕೇಳಿದರೆ, ತೆರೆದು ತೋರಿಸಲು ಒಂದು ಪುಟವೂ ಸಿಗುವುದಿಲ್ಲ. ಕಡತವು ಕೆಲಸ ಮಾಡಿದ್ದನ್ನು ಹೇಳುತ್ತದೆ, ಕಲಿಸಲು ಬರುತ್ತದೆ ಎಂಬುದನ್ನು ಹೇಳುವುದಿಲ್ಲ. ಈ ಕೊರತೆಯನ್ನು ತುಂಬುವ ವಿಧಾನವನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಉದಾಹರಣೆ ಎಂಟನೇ ತರಗತಿಯ ಗಣಿತದ್ದು; ವಿಷಯ ಯಾವುದಾದರೂ ಕ್ರಮ ಇದೇ.

ಎನ್‌ಸಿಟಿಇಯ 2014ರ ನಿಯಮಗಳ ಪ್ರಕಾರ ಎರಡು ವರ್ಷದ ಬಿ.ಇಡಿ.ಯಲ್ಲಿ ಒಟ್ಟು 20 ವಾರ ಶಾಲೆಯಲ್ಲಿರಬೇಕು. ಮೊದಲ ವರ್ಷ 4 ವಾರ, ಎರಡನೇ ವರ್ಷ 16 ವಾರ. ಇಂಟರ್ನ್‌ಶಿಪ್‌ಗೆ ಕನಿಷ್ಠ ಹಾಜರಾತಿ ಶೇ. 90. ಹದಿನಾರು ವಾರ ಒಂದೇ ಶಾಲೆಯಲ್ಲಿ ಇರುವುದರಿಂದ ಒಂದು ದೊಡ್ಡ ಅನುಕೂಲವಿದೆ: ಒಮ್ಮೆ ಮಾಡಿದ ತಪ್ಪನ್ನು ತಿದ್ದಿಕೊಂಡು, ಅದೇ ಮಕ್ಕಳ ಮುಂದೆ ಮತ್ತೆ ಕಲಿಸಿ ನೋಡಲು ಸಮಯವಿರುತ್ತದೆ. ಪೋರ್ಟ್‌ಫೋಲಿಯೊದ ನಿಜವಾದ ಬಲ ಇರುವುದು ಈ ಎರಡನೆಯ ಪ್ರಯತ್ನದಲ್ಲಿ.

ಮೊದಲ ವಾರ: ಎರಡು ಕಡತ, ಒಂದು ಪಟ್ಟಿ

ಮೊದಲ ದಿನದಿಂದಲೇ ಎರಡು ಕಡತ ಇಟ್ಟುಕೊಳ್ಳಿ. ಒಂದು ಸಂಗ್ರಹದ ಕಡತ. ಅದರಲ್ಲಿ ಎಲ್ಲವನ್ನೂ ಹಾಕಬಹುದು: ಗೀಚಿದ ಪಾಠಯೋಜನೆ, ಉತ್ತರ ಪತ್ರಿಕೆಗಳ ಜೆರಾಕ್ಸ್, ಮಾರ್ಗದರ್ಶಕ ಶಿಕ್ಷಕರು ಚೀಟಿಯಲ್ಲಿ ಬರೆದುಕೊಟ್ಟ ಎರಡು ಸಾಲು. ಇನ್ನೊಂದು ಕೊನೆಗೆ ಸಲ್ಲಿಸುವ ಪೋರ್ಟ್‌ಫೋಲಿಯೊ. ಸಂಗ್ರಹದಿಂದ ಆರಿಸಿದ ಹಾಳೆಗಳು ಮಾತ್ರ ಅಲ್ಲಿಗೆ ಹೋಗುತ್ತವೆ. ಹಾಳೆ ಕೈಗೆ ಬಂದ ದಿನವೇ ಮೇಲ್ತುದಿಯಲ್ಲಿ ದಿನಾಂಕ, ತರಗತಿ, ಅವಧಿ ಬರೆಯಿರಿ. ಎರಡು ತಿಂಗಳ ನಂತರ ಇದನ್ನು ನೆನಪಿನಿಂದ ತುಂಬಲು ಯಾರಿಗೂ ಆಗುವುದಿಲ್ಲ.

ಪಟ್ಟಿ ಎಂದರೆ ಸಾಮರ್ಥ್ಯಗಳ ಪಟ್ಟಿ. ಅದನ್ನು ಹೊಸದಾಗಿ ರಚಿಸಬೇಕಾಗಿಲ್ಲ. ನಿಮ್ಮ ಕಾಲೇಜು ಕೊಟ್ಟಿರುವ ಪಾಠ ವೀಕ್ಷಣಾ ನಮೂನೆಯಲ್ಲೇ ಅವು ಇವೆ: ಯೋಜನೆ, ವಿಷಯಜ್ಞಾನ, ಪ್ರಶ್ನೆ ಕೇಳುವ ಕೌಶಲ, ತರಗತಿ ನಿರ್ವಹಣೆ, ಮೌಲ್ಯಮಾಪನ, ಎಲ್ಲ ಮಕ್ಕಳನ್ನೂ ಒಳಗೊಳ್ಳುವುದು, ಸಹೋದ್ಯೋಗಿಗಳೊಂದಿಗಿನ ಕೆಲಸ. ಇವುಗಳನ್ನು ಒಂದು ಹಾಳೆಯಲ್ಲಿ ಬರೆದು, ಪ್ರತಿಯೊಂದರ ಎದುರು "ಇದು ನನಗೆ ಬರುತ್ತದೆ ಎಂದು ಏನನ್ನು ನೋಡಿ ಹೇಳಬಹುದು?" ಎಂಬ ಪ್ರಶ್ನೆಗೆ ಒಂದು ಸಾಲಿನ ಉತ್ತರ ಬರೆಯಿರಿ. ಮೌಲ್ಯಮಾಪನದ ಎದುರು "ಘಟಕ ಪರೀಕ್ಷೆ ಮಾಡಿದೆ" ಎಂದರೆ ಅದು ಕೆಲಸದ ವರದಿಯಾಯಿತು. "ಉತ್ತರ ಪತ್ರಿಕೆಯಿಂದ ಮಕ್ಕಳ ತಪ್ಪಿನ ಕಾರಣ ಕಂಡುಹಿಡಿದು ಮುಂದಿನ ಪಾಠ ಬದಲಿಸಿದೆ" ಎಂದರೆ ಪುರಾವೆಯಾಗಿ ಏನು ಬೇಕು ಎಂಬುದೂ ಅದರಲ್ಲೇ ಸಿಗುತ್ತದೆ: ಉತ್ತರ ಪತ್ರಿಕೆ, ತಪ್ಪುಗಳ ಎಣಿಕೆ, ಬದಲಾದ ಪಾಠಯೋಜನೆ, ಮರುಪರೀಕ್ಷೆ.

ಈ ನಾಲ್ಕು ಹಾಳೆಗಳು ಒಂದರ ಹಿಂದೆ ಒಂದು ಬಂದರೆ ಅದನ್ನು ಪುರಾವೆಯ ಸರಪಳಿ ಎನ್ನೋಣ. ಹದಿನಾರು ವಾರಕ್ಕೆ ಇಂಥ ಮೂರು ಸರಪಳಿಗಳು ಧಾರಾಳವಾಗಿ ಸಾಕು. ಕಾಲೇಜು ಕೇಳುವಷ್ಟು ಪಾಠಯೋಜನೆಗಳನ್ನು ಬೇರೆ ಕಡತದಲ್ಲಿ ಕೊಡಲೇಬೇಕು, ಅದು ಹಾಗೆಯೇ ಇರಲಿ. ಪೋರ್ಟ್‌ಫೋಲಿಯೊದಲ್ಲಿ ಮಾತ್ರ ಎಣಿಕೆಯ ಹಿಂದೆ ಹೋಗಬೇಡಿ.

ಒಂದು ಸರಪಳಿ ಹೇಗಿರುತ್ತದೆ

ಎಂಟನೇ ತರಗತಿ, ಒಂದು ಚರಾಕ್ಷರವಿರುವ ರೇಖಾತ್ಮಕ ಸಮೀಕರಣಗಳ ಪಾಠ. ಮುಂದೆ ಬರುವ ಸಂಖ್ಯೆಗಳು ವಿಧಾನವನ್ನು ತೋರಿಸಲು ಹಾಕಿಕೊಂಡವು; ತಪ್ಪುಗಳು ಮಾತ್ರ ಗಣಿತ ಕಲಿಸುವವರೆಲ್ಲರೂ ನೋಡಿರುವಂಥವು.

ಪ್ರಶಿಕ್ಷಣಾರ್ಥಿ ಮೂರು ಅವಧಿ ಪಾಠ ಮಾಡಿ, ಪಕ್ಷಾಂತರದ ನಿಯಮ ಹೇಳಿಕೊಟ್ಟು, ಹತ್ತು ನಿಮಿಷದ ಕಿರುಪರೀಕ್ಷೆ ಕೊಡುತ್ತಾರೆ. ಅದರಲ್ಲಿ ಮೂರೇ ಲೆಕ್ಕ:

```
x + 3 = 12
3x = 12
2x + 5 = 17
```

ಹಾಜರಿದ್ದ 38 ಮಕ್ಕಳಲ್ಲಿ ಮೊದಲ ಲೆಕ್ಕವನ್ನು 31 ಮಂದಿ ಸರಿಯಾಗಿ ಮಾಡಿದರು. ಎರಡನೆಯದನ್ನು 19 ಮಂದಿ, ಮೂರನೆಯದನ್ನು 15 ಮಂದಿ. ಬಹುತೇಕ ಕಡತಗಳು ಇಲ್ಲಿಗೇ ನಿಲ್ಲುತ್ತವೆ. ಶೇಕಡಾವಾರು ಹಾಕಿ, ಸ್ತಂಭನಕ್ಷೆ ಬಿಡಿಸಿ, "ಹಿಂದುಳಿದವರಿಗೆ ಪರಿಹಾರ ಬೋಧನೆ ಕೈಗೊಳ್ಳಲಾಯಿತು" ಎಂದು ಬರೆದು ಮುಗಿಸುತ್ತವೆ. ಎಷ್ಟು ಮಂದಿ ತಪ್ಪಿದರು ಎಂಬುದರಿಂದ ನಾಳೆ ಏನು ಕಲಿಸಬೇಕು ಎಂಬುದು ಗೊತ್ತಾಗುವುದಿಲ್ಲ. ಯಾವ ತಪ್ಪು ಉತ್ತರ ಬರೆದರು ಎಂಬುದರಿಂದ ಗೊತ್ತಾಗುತ್ತದೆ.

ಆದ್ದರಿಂದ ಉತ್ತರ ಪತ್ರಿಕೆಗಳನ್ನು ಅಂಕದ ಪ್ರಕಾರ ಜೋಡಿಸದೆ, ತಪ್ಪು ಉತ್ತರದ ಪ್ರಕಾರ ಗುಂಪು ಮಾಡಿ. 3x = 12ಕ್ಕೆ 13 ಮಕ್ಕಳು x = 9 ಎಂದು ಬರೆದಿದ್ದರು; ಉಳಿದ ಆರು ಮಂದಿಯದು ಖಾಲಿ ಅಥವಾ ಬೇರೆ ಬೇರೆ ಉತ್ತರ. 2x + 5 = 17ಕ್ಕೆ ಒಂಬತ್ತು ಮಕ್ಕಳು 2x = 22, x = 11 ಎಂದು ಬರೆದಿದ್ದರು. ಮೇಲ್ನೋಟಕ್ಕೆ ಎರಡೂ ಪಕ್ಷಾಂತರದ ತಪ್ಪು ಎನಿಸುತ್ತದೆ. ಹಾಗಲ್ಲ. ಎರಡನೆಯ ಗುಂಪಿನವರು 5 ಅನ್ನು ಆಚೆ ಕಳಿಸುವಾಗ ಚಿಹ್ನೆ ಬದಲಿಸಲಿಲ್ಲ, ಆದರೆ 2x ಅನ್ನು ಸರಿಯಾಗಿ 2ರಿಂದ ಭಾಗಿಸಿದರು. ಮೊದಲ ಗುಂಪಿನವರು ಚಿಹ್ನೆ ಬದಲಿಸಿದರು, ಆದರೆ 3x ಎಂದರೇನೆಂದೇ ಅವರಿಗೆ ತಿಳಿದಿಲ್ಲ.

ಇದನ್ನು ಖಚಿತ ಮಾಡಿಕೊಳ್ಳಲು ಆ 13 ಮಕ್ಕಳಲ್ಲಿ ಮೂವರನ್ನು ಮಧ್ಯಾಹ್ನದ ಬಿಸಿಯೂಟದ ನಂತರ ಕೂರಿಸಿಕೊಂಡು, ಬಾಯಲ್ಲಿ ಹೇಳುತ್ತಾ ಲೆಕ್ಕ ಮಾಡಲು ಹೇಳಬೇಕು. ತಪ್ಪೆಂದು ಮುಖಭಾವದಲ್ಲೂ ತೋರಿಸಬಾರದು. ಮಗುವಿನ ಮಾತು ಹೀಗೆ ಬರಬಹುದು: "ಇಲ್ಲಿ ಮೂರು ಇದೆ, x ಇದೆ. ಮೂರು ಆ ಕಡೆ ಹೋದರೆ ಮೈನಸ್ ಆಗುತ್ತದೆ ಮೇಡಂ. ಹನ್ನೆರಡರಲ್ಲಿ ಮೂರು ಹೋದರೆ ಒಂಬತ್ತು." ಈ ಮೂರು ವಾಕ್ಯಗಳನ್ನು ಇದ್ದಂತೆಯೇ ಬರೆದುಕೊಳ್ಳಿ, ಇಡೀ ಪೋರ್ಟ್‌ಫೋಲಿಯೊದಲ್ಲಿ ಇದಕ್ಕಿಂತ ಬೆಲೆಬಾಳುವ ಹಾಳೆ ಸಿಗುವುದು ಕಷ್ಟ. ಮಗು ಅಜಾಗರೂಕತೆಯಿಂದ ತಪ್ಪಿಲ್ಲ. ಅಂಕಗಣಿತದಲ್ಲಿ 3½ ಎಂದರೆ ಮೂರು ಮತ್ತು ಅರ್ಧ, 34 ಎಂದರೆ ಮೂವತ್ತು ಮತ್ತು ನಾಲ್ಕು. ಪಕ್ಕಪಕ್ಕದಲ್ಲಿ ಬರೆದರೆ ಕೂಡಿಸಬೇಕು ಎಂದು ಏಳು ವರ್ಷ ಕಲಿತು ಬಂದ ಮಗುವಿಗೆ, ಬೀಜಗಣಿತದಲ್ಲಿ ಪಕ್ಕಪಕ್ಕ ಎಂದರೆ ಗುಣಿಸು ಎಂದು ಯಾರೂ ನಿಲ್ಲಿಸಿ ಹೇಳಿಲ್ಲ.

ಈಗ ಪಾಠಯೋಜನೆ ಬದಲಾಗಬೇಕು. ಹಳೆಯ ಯೋಜನೆಯನ್ನು ಹರಿದು ಹಾಕಬೇಡಿ. ಅದರ ಮೇಲೆಯೇ ಬೇರೆ ಬಣ್ಣದ ಪೆನ್ನಿನಿಂದ ಏನನ್ನು ಹೊಡೆದುಹಾಕಿದಿರಿ, ಏನನ್ನು ಸೇರಿಸಿದಿರಿ ಎಂಬುದು ಕಾಣುವಂತೆ ತಿದ್ದಿ. ನಮ್ಮ ಉದಾಹರಣೆಯಲ್ಲಿ ಪಕ್ಷಾಂತರದ ನಿಯಮ ಮೊದಲ ಅವಧಿಯಿಂದ ಮೂರನೆಯ ಅವಧಿಗೆ ಹೋಯಿತು. ಮೊದಲ ಅವಧಿಗೆ ಲಕೋಟೆ ಮತ್ತು ಹುಣಸೆ ಬೀಜ ಬಂದವು. ಒಂದು ಗುಂಪಿಗೆ ಮೂರು ಮುಚ್ಚಿದ ಲಕೋಟೆ ಕೊಟ್ಟು, ಮೂರರಲ್ಲೂ ಸಮ ಸಂಖ್ಯೆಯ ಬೀಜಗಳಿವೆ, ಒಟ್ಟು 12 ಎಂದು ಹೇಳುವುದು. ಇನ್ನೊಂದು ಗುಂಪಿಗೆ ಒಂದೇ ಲಕೋಟೆ ಕೊಟ್ಟು, ಹೊರಗೆ ಮೂರು ಬಿಡಿ ಬೀಜ ಇಟ್ಟು, ಒಟ್ಟು 12 ಎನ್ನುವುದು. ಲಕೋಟೆಯೊಳಗೆ ಎಷ್ಟಿದೆ ಎಂದು ಊಹಿಸಿ, ತೆರೆದು ಎಣಿಸಿ, ನಂತರ ಎರಡನ್ನೂ ಸಮೀಕರಣವಾಗಿ ಬರೆಯಬೇಕು. 3x ಮತ್ತು x + 3 ಬೇರೆ ಬೇರೆ ಎಂಬುದು ಮಕ್ಕಳ ಕಣ್ಣಿಗೇ ಬೀಳುತ್ತದೆ. ನೀವು 5ಇ ಮಾದರಿಯಲ್ಲಿ ಯೋಜನೆ ಬರೆಯುವವರಾದರೆ ಇದು ಅನ್ವೇಷಣೆಯ ಹಂತಕ್ಕೆ ಸೇರುತ್ತದೆ. ಲಕೋಟೆಗಳ ಒಂದು ಫೋಟೊ ಸಾಕು, ಮಕ್ಕಳ ಮುಖ ಬೇಕಾಗಿಲ್ಲ.

ಮರುಪರೀಕ್ಷೆ: ಇಲ್ಲಿ ಎಚ್ಚರ ಬೇಕು

ಅದೇ ಲೆಕ್ಕಗಳನ್ನು ಮತ್ತೆ ಕೊಟ್ಟರೆ ಮಕ್ಕಳ ನೆನಪನ್ನು ಅಳೆದಂತಾಗುತ್ತದೆ. ಸ್ವರೂಪ ಅದೇ ಇರಲಿ, ಸಂಖ್ಯೆ ಬದಲಾಗಲಿ: 4x = 20 ಮತ್ತು x + 4 = 20. ಈ ಜೋಡಿಯ ಗುಣವೆಂದರೆ ಒಂದರ ಸರಿ ಉತ್ತರವು ಇನ್ನೊಂದರ ತಪ್ಪು ಉತ್ತರ. 4xನ ಲೆಕ್ಕಕ್ಕೆ 16 ಬಂದರೆ ಹಳೆಯ ತಪ್ಪು ಉಳಿದಿದೆ. x + 4ರ ಲೆಕ್ಕಕ್ಕೆ 5 ಬಂದರೆ ಹೊಸ ತಪ್ಪು ಹುಟ್ಟಿದೆ. ತಪ್ಪು ಉತ್ತರವೇ ಕಾರಣವನ್ನು ಹೇಳುವಂತೆ ಪ್ರಶ್ನೆ ರಚಿಸುವುದು ನೈದಾನಿಕ ಪರೀಕ್ಷೆಯ ಜೀವಾಳ. ಇದನ್ನು ಪೋರ್ಟ್‌ಫೋಲಿಯೊದಲ್ಲಿ ಎರಡು ಸಾಲಿನಲ್ಲಿ ವಿವರಿಸಿದರೆ ಮೌಲ್ಯಮಾಪನದ ಸಾಮರ್ಥ್ಯಕ್ಕೆ ಬೇರೆ ಪ್ರಬಂಧ ಬರೆಯಬೇಕಾಗಿಲ್ಲ.

ಎರಡು ಪರೀಕ್ಷೆಗಳಿಗೂ ಹಾಜರಾದ ಮಕ್ಕಳನ್ನು ಮಾತ್ರ ಹೋಲಿಸಿ. ಮೊದಲ ಸಲ ಇದ್ದು ಎರಡನೆಯ ಸಲ ಬಾರದವರು ಹೆಚ್ಚಾಗಿ ಕಷ್ಟಪಡುವ ಮಕ್ಕಳೇ ಆಗಿರುತ್ತಾರೆ. ಅವರು ಇಲ್ಲದ ದಿನ ಸರಾಸರಿ ತಾನಾಗಿಯೇ ಏರುತ್ತದೆ, ನಿಮ್ಮ ಬೋಧನೆಯಿಂದಲ್ಲ. ನಮ್ಮ ಉದಾಹರಣೆಯಲ್ಲಿ ಎರಡಕ್ಕೂ ಹಾಜರಿದ್ದವರು 35. ಮೊದಲು 9 ಎಂದು ಬರೆದಿದ್ದ 13 ಮಂದಿಯಲ್ಲಿ 12 ಮಂದಿ ಇದ್ದರು. ಅವರಲ್ಲಿ ಒಂಬತ್ತು ಮಂದಿ ಈಗ 5 ಎಂದು ಸರಿಯಾಗಿ ಬರೆದರು, ಮೂವರು 16 ಎಂದೇ ಬರೆದರು. ಆದರೆ ಮೊದಲು x + 3 = 12 ಅನ್ನು ಸರಿಯಾಗಿ ಮಾಡಿದ್ದ ನಾಲ್ವರು ಈಗ x + 4 = 20ಕ್ಕೆ 5 ಎಂದು ಬರೆದರು. ಭಾಗಿಸುವುದನ್ನು ಕಲಿತವರು ಎಲ್ಲ ಕಡೆ ಭಾಗಿಸತೊಡಗಿದ್ದರು.

ಈ ನಾಲ್ವರನ್ನು ಮುಚ್ಚಿಡುವ ಆಸೆ ಬರುತ್ತದೆ. ದಯವಿಟ್ಟು ಮುಚ್ಚಿಡಬೇಡಿ. ಹೊಸ ಪಾಠವು ಹೊಸ ಗೊಂದಲವನ್ನು ತಂದಿತೆಂದು ತನ್ನ ಎಣಿಕೆಯಲ್ಲೇ ಕಂಡು, ಮುಂದಿನ ಎರಡು ದಿನ ಎರಡೂ ಬಗೆಯ ಲೆಕ್ಕಗಳನ್ನು ಬೆರೆಸಿ, ಬಿಡಿಸುವ ಮೊದಲು "ಇದು ಲಕೋಟೆಗಳ ಲೆಕ್ಕವೋ ಬಿಡಿ ಬೀಜದ ಲೆಕ್ಕವೋ" ಎಂದು ಮಕ್ಕಳಿಂದ ಹೇಳಿಸಿದ ಪ್ರಶಿಕ್ಷಣಾರ್ಥಿಯ ಮೇಲೆ ನನಗೆ ಪೂರ್ತಿ ನಂಬಿಕೆ ಹುಟ್ಟುತ್ತದೆ. ನೂರಕ್ಕೆ ನೂರು ಸುಧಾರಣೆ ತೋರಿಸುವ ನಕ್ಷೆಯ ಮೇಲೆ ಹುಟ್ಟುವುದಿಲ್ಲ. ಒಂದು ಮಿತಿಯನ್ನೂ ಅಲ್ಲೇ ಬರೆಯಿರಿ: ಇದೇ ದಿನಗಳಲ್ಲಿ ಕೆಲವು ಮಕ್ಕಳು ಮನೆಪಾಠಕ್ಕೆ ಹೋಗಿರಬಹುದು, ವಿಷಯ ಶಿಕ್ಷಕರೂ ಅಭ್ಯಾಸ ಮಾಡಿಸಿರಬಹುದು. ಒಂದು ತರಗತಿಯ ಎರಡು ಪರೀಕ್ಷೆಗಳಿಂದ ಎಲ್ಲ ಶ್ರೇಯವೂ ಲಕೋಟೆಗೇ ಸೇರಬೇಕೆಂದು ಸಾಧಿಸಲಾಗದು.

ಪ್ರತಿ ಹಾಳೆಗೂ ಒಂದು ಟಿಪ್ಪಣಿ

ಹಾಳೆ ತಾನಾಗಿ ಮಾತನಾಡುವುದಿಲ್ಲ. ಪ್ರತಿಯೊಂದಕ್ಕೂ ಐದಾರು ಸಾಲಿನ ಟಿಪ್ಪಣಿ ಅಂಟಿಸಿ: ಇದು ಯಾವ ದಿನದ ಏನು, ಇದರಲ್ಲಿ ಏನು ಕಾಣುತ್ತದೆ, ಇದನ್ನು ನೋಡಿ ನಾನು ಏನು ಬದಲಿಸಿದೆ. ಮೂರನೆಯ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ಆ ಹಾಳೆ ಸಂಗ್ರಹದ ಕಡತದಲ್ಲೇ ಉಳಿಯಲಿ. "ಮಕ್ಕಳು ಬಹಳ ಉತ್ಸಾಹದಿಂದ ಭಾಗವಹಿಸಿದರು, ನನಗೆ ತುಂಬ ಸಂತೋಷವಾಯಿತು" ಎಂಬ ವಾಕ್ಯ ಯಾವ ಪಾಠಕ್ಕೆ ಬೇಕಾದರೂ ಹೊಂದುತ್ತದೆ, ಹಾಗಾಗಿ ಯಾವ ಪಾಠದ ಬಗ್ಗೆಯೂ ಏನನ್ನೂ ಹೇಳುವುದಿಲ್ಲ. ಉತ್ಸಾಹ ಇತ್ತೆಂದರೆ ಅದು ಎಲ್ಲಿ ಕಂಡಿತು, ಯಾರು ಏನು ಕೇಳಿದರು ಎಂದು ಬರೆಯಿರಿ.

ಮಾರ್ಗದರ್ಶಕ ಶಿಕ್ಷಕರಿಂದ ಪಡೆಯಬೇಕಾದದ್ದು

ವೀಕ್ಷಣಾ ನಮೂನೆಯ ಕೊನೆಯಲ್ಲಿ "ಉತ್ತಮ ಪ್ರಯತ್ನ, ಧ್ವನಿ ಏರಿಳಿತ ಚೆನ್ನಾಗಿದೆ" ಎಂಬ ಷರಾ ಸಿಗುತ್ತದೆ. ಇದು ಶಿಕ್ಷಕರ ಔದಾಸೀನ್ಯವಲ್ಲ; ಏನನ್ನು ನೋಡಬೇಕೆಂದು ನೀವು ಹೇಳಿಲ್ಲ, ಅಷ್ಟೇ. ಪಾಠಕ್ಕೆ ಮುಂಚೆಯೇ ಒಂದೇ ಒಂದು ಕೆಲಸ ಕೇಳಿಕೊಳ್ಳಿ: "ಸರ್, ಇವತ್ತು ನಾನು ಯಾರಿಗೆಲ್ಲ ಪ್ರಶ್ನೆ ಕೇಳುತ್ತೇನೆ ಎಂದು ಈ ನಕ್ಷೆಯಲ್ಲಿ ಗುರುತು ಹಾಕಿಕೊಡುತ್ತೀರಾ?" ತರಗತಿಯ ಬೆಂಚುಗಳನ್ನು ಚೌಕಗಳಾಗಿ ಬಿಡಿಸಿದ ಹಾಳೆ ಅವರ ಕೈಯಲ್ಲಿರಲಿ. ಒಂದು ಪ್ರಶ್ನೆಗೆ ಒಂದು ಗೀಟು. ನಲವತ್ತು ನಿಮಿಷ ಮುಗಿದಾಗ ಮೊದಲ ಎರಡು ಬೆಂಚುಗಳಲ್ಲಿ ಗೀಟುಗಳು ತುಂಬಿ, ಕಿಟಕಿ ಬದಿಯ ಹಿಂದಿನ ಸಾಲು ಖಾಲಿ ಇರುವುದು ತೀರಾ ಸಾಮಾನ್ಯ. ಮೂರನೆಯ ವಾರದ ನಕ್ಷೆಯನ್ನೂ ಹತ್ತನೆಯ ವಾರದ ನಕ್ಷೆಯನ್ನೂ ಎದುರುಬದುರು ಪುಟದಲ್ಲಿಟ್ಟರೆ ಎರಡನೆಯ ಸರಪಳಿ ಸಿದ್ಧವಾಯಿತು.

ಪ್ರಶ್ನೆ ಕೇಳಿದ ನಂತರ ಎಷ್ಟು ಹೊತ್ತು ಕಾಯುತ್ತೀರಿ ಎಂಬುದನ್ನೂ ಹೀಗೆಯೇ ಅಳೆಸಬಹುದು. ಅಮೆರಿಕದ ಮೇರಿ ಬಡ್ ರೋ 1970ರ ದಶಕದಲ್ಲಿ ವಿಜ್ಞಾನ ತರಗತಿಗಳನ್ನು ಅಧ್ಯಯನ ಮಾಡಿದಾಗ ಶಿಕ್ಷಕರು ಸರಾಸರಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಿದ್ದರು. ಮೂರು ಸೆಕೆಂಡು ಕಾದಾಗ ಮಕ್ಕಳ ಉತ್ತರಗಳು ದೀರ್ಘವಾದವು, ಸುಮ್ಮನಿರುವವರು ಕಡಿಮೆಯಾದರು. ನಿಮ್ಮ ಮೊಬೈಲಿನಲ್ಲಿ ಪಾಠದ ಧ್ವನಿ ಮುದ್ರಿಸಿಕೊಂಡು, ಮನೆಯಲ್ಲಿ ಕೇಳಿ, ಹತ್ತು ಪ್ರಶ್ನೆಗಳ ನಂತರದ ಮೌನವನ್ನು ಅಳೆದು ಬರೆಯಿರಿ. ಮುದ್ರಿಸುವ ಮೊದಲು ಮುಖ್ಯ ಶಿಕ್ಷಕರ ಒಪ್ಪಿಗೆ ಇರಬೇಕು.

ಎಂಟನೆಯ ವಾರ

ಮೊದಲ ವಾರದ ಪಟ್ಟಿಯನ್ನು ತೆಗೆದು, ಪ್ರತಿ ಸಾಮರ್ಥ್ಯದ ಎದುರು ಈಗ ಇರುವ ಹಾಳೆಯ ಹೆಸರು ಬರೆಯಿರಿ. ಯೋಜನೆಯ ಎದುರು ಹತ್ತು ಹಾಳೆ, ಒಳಗೊಳ್ಳುವಿಕೆಯ ಎದುರು ಸೊನ್ನೆ ಇರುವುದು ಗೊತ್ತಾಗುತ್ತದೆ. ಇನ್ನೂ ಎಂಟು ವಾರ ಉಳಿದಿರುವಾಗ ಗೊತ್ತಾದರೆ ಏನಾದರೂ ಮಾಡಬಹುದು. ಉದಾಹರಣೆಗೆ, ಕನ್ನಡ ಮನೆಮಾತಲ್ಲದ ಮಗುವಿಗೆ ಪದಸಮಸ್ಯೆಯನ್ನು ಚಿತ್ರವಾಗಿ ಬಿಡಿಸಿಕೊಟ್ಟು, ಅದರಿಂದ ಆದ ಬದಲಾವಣೆಯನ್ನು ದಾಖಲಿಸಬಹುದು. ಹದಿನೈದನೆಯ ವಾರ ಗೊತ್ತಾದರೆ ಸುಳ್ಳು ಬರೆಯುವುದೊಂದೇ ದಾರಿಯಾಗುತ್ತದೆ.

ಆ ಸುಳ್ಳು ಅಡಗುವುದೂ ಇಲ್ಲ. ಇಡೀ ದಿನಚರಿ ಒಂದೇ ಶಾಯಿಯಲ್ಲಿ, ಒಂದೇ ಓಘದ ಅಕ್ಷರದಲ್ಲಿ ಇರುತ್ತದೆ. ಭಾನುವಾರದ ದಿನಾಂಕಕ್ಕೆ ಪಾಠಯೋಜನೆ ಇರುತ್ತದೆ. ಶಾಲೆಯ ಹಾಜರಿ ಪುಸ್ತಕದಲ್ಲಿ 31 ಮಕ್ಕಳು ಇದ್ದ ದಿನ ಪರೀಕ್ಷೆ ಬರೆದವರು 42 ಎಂದಿರುತ್ತದೆ. ಅನುಭವಿ ಪರೀಕ್ಷಕರು ಇದನ್ನು ಹುಡುಕುವುದೇ ಇಲ್ಲ; "x = 9 ಎಂದು ಬರೆದ ಮಗುವಿನ ಪತ್ರಿಕೆ ತೋರಿಸಿ, ಆ ಮಗು ಏನೆಂದಿತು ಹೇಳಿ" ಎನ್ನುತ್ತಾರೆ. ನಿಜವಾಗಿ ಮಾಡಿದವರು ಪುಟ ತಿರುಗಿಸದೆಯೂ ಹೇಳುತ್ತಾರೆ.

ಮಕ್ಕಳ ಗುರುತು

ಉತ್ತರ ಪತ್ರಿಕೆಯ ಹೆಸರನ್ನು ಜೆರಾಕ್ಸ್ ಮಾಡಿಸುವ ಮೊದಲೇ ಚೀಟಿಯಿಂದ ಮುಚ್ಚಿ, ವಿ1, ವಿ2 ಎಂಬ ಸಂಕೇತ ಕೊಡಿ. ಸಂಕೇತದ ಕೀಲಿ ಶಾಲೆಯಲ್ಲೇ, ಮಾರ್ಗದರ್ಶಕ ಶಿಕ್ಷಕರ ಬಳಿ ಇರಲಿ. ಎಸ್‌ಎಟಿಎಸ್ ಸಂಖ್ಯೆ, ಜಾತಿ, ಪೋಷಕರ ಫೋನ್ ನಂಬರ್ ಯಾವ ಹಾಳೆಯಲ್ಲೂ ಬೇಡ. ಪ್ರಕರಣ ಅಧ್ಯಯನದಲ್ಲಿ ಹೆಚ್ಚಿನ ಎಚ್ಚರ ಬೇಕು: ಹೆಸರು ಬಿಟ್ಟರೂ "ತಂದೆ ತೀರಿಕೊಂಡ, ಇಂಥ ತಾಂಡಾದಿಂದ ಬರುವ ಒಬ್ಬಳೇ ಹುಡುಗಿ" ಎಂದು ಬರೆದರೆ ಊರಿಗೆಲ್ಲ ಗೊತ್ತಾಗುತ್ತದೆ. ಕಲಿಕೆಗೆ ಸಂಬಂಧಿಸಿದಷ್ಟನ್ನೇ ಬರೆಯಿರಿ. ಮುಖ ಕಾಣುವ ಫೋಟೊಗೆ ಮುಖ್ಯ ಶಿಕ್ಷಕರ ಜೊತೆ ಪೋಷಕರ ಒಪ್ಪಿಗೆಯೂ ಬೇಕು. ಮಕ್ಕಳ ಕೈಬರಹದ ಫೋಟೊ ಅದಕ್ಕಿಂತ ಹೆಚ್ಚು ಹೇಳುತ್ತದೆ.

ಕೊನೆಯ ಎರಡು ವಾರ

ಜೋಡಣೆಗೆ ಮೂರು ದಿನ ಸಾಕು. ಮೊದಲ ಪುಟದಲ್ಲಿ ಸಾಮರ್ಥ್ಯಗಳ ಪಟ್ಟಿ, ಎದುರಿಗೆ ಪುಟಸಂಖ್ಯೆ. ನಂತರ ಮೂರು ಸರಪಳಿಗಳು, ಪ್ರತಿಯೊಂದೂ ದಿನಾಂಕದ ಕ್ರಮದಲ್ಲಿ. ಒಂದೇ ಸರಪಳಿ ಹಲವು ಸಾಮರ್ಥ್ಯಗಳಿಗೆ ಪುರಾವೆಯಾಗಬಹುದು: ಸಮೀಕರಣದ ಸರಪಳಿಯಲ್ಲಿ ಯೋಜನೆ, ವಿಷಯಜ್ಞಾನ, ಮೌಲ್ಯಮಾಪನ ಮೂರೂ ಇವೆ. ಗದ್ದಲವೆದ್ದ ತರಗತಿಯನ್ನು ಹೇಗೆ ಸುಧಾರಿಸಿದಿರಿ, ಅಳುತ್ತಿದ್ದ ಮಗುವಿನ ಜೊತೆ ಹೇಗೆ ಮಾತನಾಡಿದಿರಿ ಎಂಬುದನ್ನು ಕಾಗದ ತೋರಿಸಲಾರದು. ಅದಕ್ಕೆ ನೋಡಿದವರ ಮಾತೇ ಬೇಕು. ಆದ್ದರಿಂದ ತರಗತಿ ನಿರ್ವಹಣೆಯ ಎದುರು ಮಾರ್ಗದರ್ಶಕ ಶಿಕ್ಷಕರ ಮತ್ತು ಕಾಲೇಜಿನ ಮೇಲ್ವಿಚಾರಕರ ದಿನಾಂಕಸಹಿತ ವೀಕ್ಷಣೆಗಳನ್ನು ಮಾತ್ರ ಇಡಿ, ಸ್ವಂತ ಪ್ರಶಂಸೆ ಬೇಡ.

ಶಾಲೆ ಬಿಡುವ ಮೊದಲು ಇನ್ನೊಂದು ಹಾಳೆ ತಯಾರಿಸಿ. ಮರುಪರೀಕ್ಷೆಯಲ್ಲೂ 16 ಎಂದೇ ಬರೆದ ಮೂವರು, ಎರಡು ಪರೀಕ್ಷೆಗಳಿಗೂ ಬಾರದವರು, ಎಲ್ಲ ಕಡೆ ಭಾಗಿಸುವ ಅಭ್ಯಾಸ ಇನ್ನೂ ಬಿಡದವರು ಯಾರು, ಅವರಿಗೆ ಏನನ್ನು ಮಾಡಿಸಿ ನೋಡಿದ್ದೀರಿ, ಯಾವುದು ಫಲಿಸಲಿಲ್ಲ ಎಂದು ಒಂದೇ ಪುಟದಲ್ಲಿ ಬರೆದು ವಿಷಯ ಶಿಕ್ಷಕರಿಗೆ ಕೊಡಿ. ಅವರ ಪ್ರತಿಯಲ್ಲಿ ಮಕ್ಕಳ ಹೆಸರಿರಲಿ. ಸಂಕೇತಗಳಿರುವ ನಿಮ್ಮ ಪ್ರತಿಗೆ ಅವರ ಸಹಿ ಪಡೆದು, ಪೋರ್ಟ್‌ಫೋಲಿಯೊದಲ್ಲಿ ಸಹೋದ್ಯೋಗಿಗಳೊಂದಿಗಿನ ಕೆಲಸದ ಎದುರು ಸೇರಿಸಿ.